ಇಳಿದ ಕೂಡಲೇ ಯಾರಿಗೆ ಫೋನ್ ಮಾಡಬೇಕು?

ಅಣ್ಣನ ದೊಡ್ಡ ಮಗಳ ಮದುವೆಯಲ್ಲಿ ಅಣ್ಣ ನಾಂದಿಗೆ ಕೂತಿದ್ದ. ಬೆರಳಲ್ಲಿ ದರ್ಭೆಯ ಪವಿತ್ರ, ಎದುರಿಗೆ ಪುರೋಹಿತರು, ಮಡಿಲಲ್ಲಿ ಮೊಬೈಲು. ಭಟ್ಟರು ಗೋತ್ರ ಕೇಳುತ್ತಿದ್ದರೆ ಇವನು "ಸ್ಟೇಷನ್ನಿಂದ ಹೊರಗೆ ಬನ್ನಿ, ಬಿಳಿ ಗಾಡಿ ಇದೆ" ಅನ್ನುತ್ತಿದ್ದ. ಮೂರನೇ ಸಲ ಫೋನ್ ಬಂದಾಗ ಭಟ್ಟರು ನನ್ನ ಕಡೆ ನೋಡಿದರು. ನಾನು ಹೋಗಿ ಮೊಬೈಲು ಕಿತ್ತುಕೊಂಡೆ. ಮುಂದಿನ ಒಂದು ಗಂಟೆ ಬಂದ ಕರೆಗಳನ್ನೆಲ್ಲ ನಾನೇ ತೆಗೆದುಕೊಂಡೆ. ಹನ್ನೊಂದು ಕರೆ, ಆದರೆ ಪ್ರಶ್ನೆ ನಾಲ್ಕೇ: ಗಾಡಿ ಎಲ್ಲಿ ನಿಂತಿದೆ, ಲಾಡ್ಜ್ ಯಾವುದು, ತಿಂಡಿ ಎಲ್ಲಿ, ಛತ್ರಕ್ಕೆ ಎಷ್ಟು ಹೊತ್ತಿಗೆ ಬರಬೇಕು.

ತಮಾಷೆ ಅಂದರೆ ಈ ನಾಲ್ಕಕ್ಕೂ ಉತ್ತರವನ್ನು ನಾಲ್ಕು ದಿನ ಮೊದಲೇ ವಾಟ್ಸಾಪಿನಲ್ಲಿ ಕಳಿಸಿದ್ದೆವು. ಬರೆದವನು ನಾನೇ. ಕುಲದೇವರ ಹೆಸರಿನಿಂದ ಶುರುವಾಗಿ, 'ತಮ್ಮ ಆಗಮನವೇ ನಮಗೆ ಉಡುಗೊರೆ' ಎಂದು ಮುಗಿಯುವ ಅರವತ್ತು ಸಾಲಿನ ಸಂದೇಶ. ನಡುವೆ ಎಲ್ಲೋ ಲಾಡ್ಜಿನ ಹೆಸರಿತ್ತು. ಉದ್ದದ ಸಂದೇಶವನ್ನು ವಾಟ್ಸಾಪು ಮಡಚಿಡುತ್ತದೆ, ಬೆರಳೊತ್ತಿ ಬಿಡಿಸಿದರೆ ಮಾತ್ರ ಉಳಿದದ್ದು ಕಾಣುತ್ತದೆ. ಬೆಳಗಿನ ಆರು ಗಂಟೆಗೆ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ನಿದ್ದೆಗಣ್ಣಿನ ಮೊಮ್ಮಗುವನ್ನು ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತ ಅತ್ತೆ ಅದನ್ನು ಬಿಡಿಸಿ ಓದುವುದುಂಟೇ? ಫೋನ್ ಮಾಡಿದರು. ಅವರದು ತಪ್ಪಲ್ಲ. ನಾನು ಬರೆದದ್ದು ಎರಡನೇ ಲಗ್ನಪತ್ರಿಕೆ, ದಾರಿ ಹೇಳುವ ಚೀಟಿ ಅಲ್ಲ.

ಆಮೇಲೆ ನಮ್ಮ ಬಳಗದ ನಾಲ್ಕೈದು ಮದುವೆಗಳಲ್ಲಿ ಈ ಕೆಲಸ ನನ್ನ ತಲೆಗೇ ಬಂತು. ಎಡವಿ ಕಲಿತದ್ದನ್ನು ಒಂದು ಮದುವೆಯ ಲೆಕ್ಕ ಹಿಡಿದು ಹೇಳುತ್ತೇನೆ. ಊರು ಶಿವಮೊಗ್ಗ ಜಿಲ್ಲೆಯ ಸಾಗರ. ಮದುವೆ ಮೇ 3, ಭಾನುವಾರ. ಮುಹೂರ್ತ ಬೆಳಿಗ್ಗೆ 10-15ರಿಂದ 10-55, ಮಿಥುನ ಲಗ್ನ. ಹಿಂದಿನ ಸಂಜೆ ವರಪೂಜೆ. ಪರಊರಿಂದ ಬರುವವರು 46 ಜನ: ರೈಲಿಗೆ 19, ಸ್ವಂತ ಕಾರಿಗೆ 14, ಬಸ್ಸಿಗೆ 9, ವಿಮಾನಕ್ಕೆ 4.

ಇಷ್ಟು ಜನಕ್ಕೆ ಒಂದೇ ಸಂದೇಶ ಸಾಲದು, ಎರಡು ಬೇಕು. ಮೊದಲನೆಯದು ಟಿಕೆಟ್ಟಿಗೆ, ಎರಡನೆಯದು ಇಳಿಯುವ ಹೊತ್ತಿಗೆ. ಬಹಳ ಮನೆಗಳಲ್ಲಿ ಎರಡನ್ನೂ ಸೇರಿಸಿ ಮದುವೆಗೆ ವಾರವಿದೆ ಅನ್ನುವಾಗ ಕಳಿಸುತ್ತಾರೆ. ಅಷ್ಟರಲ್ಲಿ ರೈಲು ತುಂಬಿರುತ್ತದೆ. ರೈಲ್ವೆಯವರು 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಪ್ರಯಾಣದ ದಿನವನ್ನು ಬಿಟ್ಟು ಹಿಂದಕ್ಕೆ ಅರವತ್ತು ಎಣಿಸಬೇಕು. ಮೇ 1ರ ರಾತ್ರಿ ಬೆಂಗಳೂರು ಬಿಡುವ ತಾಳಗುಪ್ಪ ರೈಲಿಗೆ ಮಾರ್ಚ್ 2ರ ಬೆಳಿಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. ಮೇ 3ರ ವಾಪಸಿಗೆ ಮಾರ್ಚ್ 4. ಮೇ ಅಂದರೆ ಬೇಸಿಗೆ ರಜೆ, ಜೋಗಕ್ಕೆ ಹೋಗುವವರೂ ಅದೇ ಗಾಡಿಗೆ ಬರುತ್ತಾರೆ. ಆದ್ದರಿಂದ ಮೊದಲ ಸಂದೇಶ ಫೆಬ್ರವರಿ ಮುಗಿಯುವುದರೊಳಗೆ ಹೋಗಿರಬೇಕು. ಪತ್ರಿಕೆ ಅಚ್ಚಾಗಿಲ್ಲ ಅಂತ ಕಾಯುವುದು ಬೇಡ. ಕರೆಯುವ ಶಾಸ್ತ್ರ ಆಮೇಲೆ ಆಗಲಿ, ಟಿಕೆಟ್ ಮೊದಲು ಆಗಲಿ.

ಆ ಸಂದೇಶ ಇಷ್ಟೇ ಇದ್ದರೆ ಸಾಕು:

"ಮದುವೆ ಮೇ 3, ಭಾನುವಾರ ಬೆಳಿಗ್ಗೆ, ಸಾಗರದಲ್ಲಿ. ಮೇ 2, ಶನಿವಾರ ಬೆಳಿಗ್ಗೆ ಬಂದು ಇಳಿಯುವ ಹಾಗೆ ಬನ್ನಿ. ಬೆಂಗಳೂರಿನಿಂದಾದರೆ ಮೇ 1, ಶುಕ್ರವಾರ ರಾತ್ರಿಯ ತಾಳಗುಪ್ಪ ರೈಲು. ಇಳಿಯುವ ಸ್ಟೇಷನ್ ಸಾಗರ ಜಂಬಗಾರು, ಬುಕ್ ಮಾಡುವಾಗ SRF ಎಂದು ಹಾಕಿ. ಬುಕಿಂಗ್ ಮಾರ್ಚ್ 2ರ ಬೆಳಿಗ್ಗೆ 8ಕ್ಕೆ ಶುರು. ವಾಪಸಿಗೆ ಮೇ 3, ಭಾನುವಾರ ರಾತ್ರಿಯ ರೈಲು, ಅದಕ್ಕೆ ಮಾರ್ಚ್ 4. ಯಾವ ಗಾಡಿಗೆ ಬರುತ್ತೀರಿ, ಎಷ್ಟು ಜನ ಅಂತ ಮಾರ್ಚ್ 10ರೊಳಗೆ ತಿಳಿಸಿ, ರೂಮು ಹಿಡಿಯಬೇಕು."

ಸ್ಟೇಷನ್ನಿನ ಕೋಡು ಹಾಕಿದ್ದು ಸುಮ್ಮನೆ ಅಲ್ಲ. ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆ. ಬರಿ ಸಾಗರ ಎಂದು ಹುಡುಕಿದ ಪುಣೆಯ ಹುಡುಗನಿಗೆ ಅದು ಸಿಕ್ಕಿ, "ಚಿಕ್ಕಪ್ಪಾ, ಅಷ್ಟು ದೂರವಾ?" ಅಂತ ನನ್ನನ್ನೇ ಕೇಳಿದ್ದ.

ಇನ್ನೊಂದು ವಿಷಯ ಕೊನೆಯ ಸಾಲಿನಲ್ಲಿದೆ. 'ಬರುತ್ತೀರಾ?' ಎಂದು ಕೇಳಿಲ್ಲ, 'ಯಾವ ಗಾಡಿಗೆ ಬರುತ್ತೀರಿ?' ಎಂದು ಕೇಳಿದೆ. ನಮ್ಮ ಕಡೆ ಹಿರಿಯರಿಗೆ 'ಬರುತ್ತೀರಾ' ಅಂದರೆ ಬರದಿದ್ದರೂ ನಡೆಯುತ್ತದೆ ಅಂದ ಹಾಗೆ. 'ಯಾವ ಗಾಡಿ' ಅಂದರೆ ಬರುವುದು ಖಾತ್ರಿ, ಉಳಿದದ್ದು ಲೆಕ್ಕ. ವಾಪಸಿನ ವಿಷಯ ಇನ್ನೂ ಸೂಕ್ಷ್ಮ. ಬರುವ ಮೊದಲೇ 'ಹೋಗುವುದು ಯಾವಾಗ' ಎಂದು ಯಾರ ಬಾಯಲ್ಲೂ ಬರುವುದಿಲ್ಲ, ಮನೆ ಬಿಡುವಾಗಲೂ 'ಬರ್ತೀನಿ' ಅನ್ನುವ ಜನ ನಾವು. 'ವಾಪಸ್ ಟಿಕೆಟ್ ಯಾವ ಗಾಡಿಗೆ' ಅಂದರೆ ಯಾರಿಗೂ ನೋವಿಲ್ಲ.

ಈಗ ತಾರೀಕಿನ ಗೊಂದಲ. ರಾತ್ರಿ ಹನ್ನೆರಡು ದಾಟಿದ ಮೇಲೆ ಹತ್ತುವವರೆಲ್ಲ ಇದರಲ್ಲಿ ಬೀಳುತ್ತಾರೆ. ನಮ್ಮ ಭಾವ ಅರಸೀಕೆರೆಯಲ್ಲಿ ಹತ್ತುವವರು. ಬೆಂಗಳೂರಿನವರಿಗೆ ಅದು ಮೇ 1ರ ರಾತ್ರಿಯ ರೈಲು. ಅರಸೀಕೆರೆಗೆ ಬರುವಾಗ ಮಧ್ಯರಾತ್ರಿ ಕಳೆದಿರುತ್ತದೆ, ಅಲ್ಲಿಂದ ಬುಕ್ ಮಾಡುವವರು ಮೇ 2 ಎಂದೇ ಹಾಕಬೇಕು. 'ಶುಕ್ರವಾರ ರಾತ್ರಿ' ಎಂದು ಬಾಯಲ್ಲಿ ಹೇಳಿಕೊಂಡು ಮೇ 1 ಹಾಕಿದರೆ ಸಿಗುವುದು ಒಂದು ದಿನ ಹಿಂದಿನ ಗಾಡಿ. ಮಧ್ಯರಾತ್ರಿ ಕಳೆದು ಹೊರಡುವ ಬಸ್ಸುಗಳದ್ದೂ ಇದೇ ಕಥೆ. ಅದಕ್ಕೆ ನನ್ನ ನಿಯಮ: ಹೊರಡುವ ದಿನದಿಂದ ಹೇಳಬೇಡಿ, ಇಳಿಯುವ ದಿನದಿಂದ ಹೇಳಿ. 'ಶನಿವಾರ ಬೆಳಿಗ್ಗೆ ಸಾಗರದಲ್ಲಿ ಇಳಿಯಬೇಕು' ಅನ್ನುವುದರಲ್ಲಿ ಯಾರೂ ತಪ್ಪಲಾರರು.

ಮುಹೂರ್ತದಲ್ಲೂ ಇಂಥದೇ ಒಂದು ಗುಂಡಿ ಇದೆ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಬೆಳಗಿನ ಜಾವ 4-40ರ ಲಗ್ನವಾದರೆ ಪುರೋಹಿತರ ಲೆಕ್ಕಕ್ಕೆ ಅದು ಹಿಂದಿನ ವಾರವೇ. ಮೊಬೈಲಿನ ಲೆಕ್ಕಕ್ಕೆ ಮುಂದಿನ ತಾರೀಕು. ಪತ್ರಿಕೆಯಲ್ಲಿ ಶಾಸ್ತ್ರ ಹೇಗಿದೆಯೋ ಹಾಗಿರಲಿ. ಸಂದೇಶದಲ್ಲಿ ಮಾತ್ರ 'ಶನಿವಾರ ರಾತ್ರಿ ಮಲಗಿ ಎದ್ದರೆ ಭಾನುವಾರ ಬೆಳಗಿನ ಜಾವ 4-40ಕ್ಕೆ ಧಾರೆ' ಎಂದು ಬಿಡಿಸಿ ಬರೆಯಬೇಕು. ನಮ್ಮ ಉದಾಹರಣೆಯ ಮದುವೆ ಹತ್ತೂಕಾಲಕ್ಕೆ, ಆ ಕಷ್ಟ ಇಲ್ಲ.

ರೂಮಿನ ಲೆಕ್ಕ ಕೂತು ಮಾಡಬೇಕಾದದ್ದು. ಲಾಡ್ಜುಗಳಲ್ಲಿ ಎರಡು ಪದ್ಧತಿ ಇವೆ. ಕೆಲವರದು ಮಧ್ಯಾಹ್ನ 12ರಿಂದ 12, ಕೆಲವರದು ಒಳಗೆ ಹೋದ ಹೊತ್ತಿನಿಂದ 24 ಗಂಟೆ. ಬಾಡಿಗೆ ಒಂದೇ ಇದ್ದರೂ ಬೆಳಗಿನ ರೈಲಿಗೆ ಬರುವವರಿಗೆ ಇವೆರಡರ ನಡುವೆ ಬಹಳ ಅಂತರವಿದೆ. ನಮ್ಮ ರೈಲಿನವರು ಶನಿವಾರ ಬೆಳಿಗ್ಗೆ ಆರೂವರೆಗೆ ಲಾಡ್ಜಿಗೆ ಬರುತ್ತಾರೆ, ಭಾನುವಾರ ರಾತ್ರಿಯ ರೈಲಿಗೆ ಹೋಗುತ್ತಾರೆ. ಹನ್ನೆರಡರ ಲಾಡ್ಜಾದರೆ ಶುಕ್ರವಾರ ಮಧ್ಯಾಹ್ನದಿಂದಲೇ ಹಿಡಿದಿಡಬೇಕು, ಇಲ್ಲದಿದ್ದರೆ ಆರೂವರೆಗೆ ರೂಮು ಖಾಲಿ ಇರುತ್ತದೆಂಬ ಖಾತ್ರಿ ಇಲ್ಲ. ಶುಕ್ರವಾರದಿಂದ ಶನಿವಾರ ಒಂದು ದಿನ, ಶನಿವಾರದಿಂದ ಭಾನುವಾರ ಎರಡು ದಿನ, ಭಾನುವಾರ ಹನ್ನೆರಡು ದಾಟಿದರೆ ಮೂರು ದಿನದ ಬಾಡಿಗೆ. ಇಪ್ಪತ್ತನಾಲ್ಕು ಗಂಟೆಯ ಲಾಡ್ಜಾದರೆ ಶನಿವಾರ ಆರೂವರೆಯಿಂದ ಸೋಮವಾರ ಆರೂವರೆಯವರೆಗೆ ಎರಡೇ ದಿನದ ಬಾಡಿಗೆ, ಚಿಂತೆಯಿಲ್ಲ.

ಆ ಮೂರನೇ ದಿನವನ್ನು ಉಳಿಸುವ ದಾರಿ ಒಂದಿದೆ. ಭಾನುವಾರ ಹನ್ನೆರಡಕ್ಕೆ ರೂಮು ಬಿಡಬೇಕು, ಆದರೆ ಹತ್ತೂಮುಕ್ಕಾಲಿಗೆ ಧಾರೆ ಮುಗಿದು ಅಕ್ಷತೆಯ ಕಾಳು ತಲೆಯಲ್ಲಿರುವಾಗಲೇ ಲಾಡ್ಜಿಗೆ ಓಡಿಹೋಗಿ ಬ್ಯಾಗು ಕಟ್ಟುವವರು ಯಾರೂ ಇಲ್ಲ. ಆದ್ದರಿಂದ ಬೆಳಿಗ್ಗೆ ಛತ್ರಕ್ಕೆ ಹೊರಡುವಾಗಲೇ ಬ್ಯಾಗು ಗಾಡಿಗೆ ಏರಬೇಕು. ಛತ್ರದಲ್ಲಿ ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ, ಬೀಗದ ಕೈ ಹಿಡಿಯಲು ಒಬ್ಬ ಮನುಷ್ಯ. ಈ ಒಂದು ಸಾಲು ಸಂದೇಶದಲ್ಲಿ ಇಲ್ಲದೆ ಹೋಗಿ ಒಂದು ಮದುವೆಯಲ್ಲಿ ನಾವು ಒಂಬತ್ತು ರೂಮಿಗೆ ಒಂದೊಂದು ದಿನದ ಬಾಡಿಗೆ ಹೆಚ್ಚು ಕೊಟ್ಟೆವು. ಲಾಡ್ಜಿನವರು ನ್ಯಾಯವಾಗಿಯೇ ಇದ್ದರು, ನಮ್ಮದೇ ಲೆಕ್ಕ ತಪ್ಪಿತ್ತು.

ಯಾರ ಜೊತೆ ಯಾರನ್ನು ಹಾಕಬೇಕು, ಯಾರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಯಾರಿಗೆ ಕಮೋಡೇ ಬೇಕು, ಇವನ್ನು ಗುಂಪಿನಲ್ಲಿ ಕೇಳಬಾರದು. ಎಲ್ಲರೆದುರು 'ನನಗೆ ಮೊಣಕಾಲು ನೋವು, ಕೆಳಗಿನ ರೂಮು ಕೊಡಿ' ಅಂತ ಯಾವ ದೊಡ್ಡಮ್ಮನೂ ಬರೆಯುವುದಿಲ್ಲ. ಸುಮ್ಮನೆ ಎರಡನೇ ಮಹಡಿ ಹತ್ತುತ್ತಾರೆ, ಆಮೇಲೆ ಆರು ತಿಂಗಳು ಹೇಳುತ್ತಾರೆ. ಅದಕ್ಕೆ ಒಬ್ಬೊಬ್ಬರಿಗೇ ಫೋನು. ಹೊರದೇಶದ ಪಾಸ್‌ಪೋರ್ಟ್ ಇರುವ ಮಕ್ಕಳು ಬರುವುದಾದರೆ ಲಾಡ್ಜಿನವರನ್ನು ಮೊದಲೇ ಕೇಳಿಡಿ. ಅಂಥವರ ವಿವರವನ್ನು ಅವರು ಸರ್ಕಾರಕ್ಕೆ ಸಲ್ಲಿಸಬೇಕು, ಆ ಗೋಜಿಗೇ ಹೋಗದ ಸಣ್ಣ ಲಾಡ್ಜುಗಳೂ ಇವೆ.

ಗಾಡಿಯ ವಿಷಯಕ್ಕೆ ಬರೋಣ. ಹನ್ನೆರಡು ಸೀಟಿನ ಟಿಟಿಯಲ್ಲಿ ಹನ್ನೆರಡು ಜನ ಕೂರುತ್ತಾರೆ ಅನ್ನುವುದು ಸೀರೆಯ ಸೂಟ್‌ಕೇಸು ನೋಡದವರ ಮಾತು. ಮದುವೆಗೆ ಬರುವ ಸಂಸಾರದ ಸಾಮಾನಿನ ಜೊತೆ ಹತ್ತು ಜನ ಹಿಡಿದರೆ ಹೆಚ್ಚು. ನಮ್ಮ ಹತ್ತೊಂಬತ್ತು ಜನಕ್ಕೆ ಎರಡು ಟ್ರಿಪ್ ಬೇಕು. ಲಾಡ್ಜು ಎರಡು ಕಿಲೋಮೀಟರೇ ಇರಬಹುದು, ಆದರೆ ಹತ್ತಿಸಿ, ಇಳಿಸಿ, ಆಧಾರ್ ಕಾರ್ಡು ತೋರಿಸಿ, ಬೀಗದ ಕೈ ಕೊಟ್ಟು ಗಾಡಿ ಮತ್ತೆ ಸ್ಟೇಷನ್ನಿಗೆ ಬರುವಾಗ ಅರ್ಧ ಗಂಟೆ ಕಳೆದಿರುತ್ತದೆ. 'ಎರಡನೇ ಟ್ರಿಪ್ಪಿಗೆ ಅರ್ಧ ಗಂಟೆ ಕಾಯಬೇಕಾಗುತ್ತದೆ' ಎಂದು ಸಂದೇಶದಲ್ಲಿ ಇದ್ದರೆ ಅಲ್ಲೇ ಒಂದು ಕಾಫಿ ಕುಡಿಯುತ್ತಾರೆ. ಇಲ್ಲದಿದ್ದರೆ ಐದನೇ ನಿಮಿಷಕ್ಕೆ ಫೋನು.

ರೈಲಿನವರಿಗೆ ಇನ್ನೊಂದು ಅಪಾಯ, ನಿದ್ದೆ. ಶಿವಮೊಗ್ಗದವರೆಗೆ ಇಳಿಯುವವರ ಗಲಾಟೆ ಇರುತ್ತದೆ, ಆಮೇಲೆ ಬೋಗಿ ಖಾಲಿಯಾಗಿ ತಂಪು ಗಾಳಿ ಬರುತ್ತದೆ, ಹದವಾದ ನಿದ್ದೆ ಹತ್ತುತ್ತದೆ. ಸಾಗರ ದಾಟಿದರೆ ಸಿಗುವುದು ಕೊನೆಯ ಸ್ಟೇಷನ್ ತಾಳಗುಪ್ಪ. ನಮ್ಮ ಚಿಕ್ಕಪ್ಪ ಒಮ್ಮೆ ಅಲ್ಲಿಯೇ ಎಚ್ಚರವಾಗಿ, ಬೀಗರಿಗಿಂತ ತಡವಾಗಿ ಆಟೋದಲ್ಲಿ ಬಂದಿಳಿದರು. ಅದಕ್ಕೆ ಸಂದೇಶದಲ್ಲಿ 'ಆನಂದಪುರಂ ಬಂದಾಗ ಎದ್ದು ಕೂತುಕೊಳ್ಳಿ' ಎಂದು ಸೇರಿಸುತ್ತೇನೆ. ಗಂಟೆಗಿಂತ ಹಿಂದಿನ ಸ್ಟೇಷನ್ನಿನ ಹೆಸರು ಹೆಚ್ಚು ಉಪಯೋಗ, ಯಾಕೆಂದರೆ ರೈಲು ತಡವಾದರೂ ಸ್ಟೇಷನ್ನು ಜಾಗ ಬಿಟ್ಟು ಕದಲುವುದಿಲ್ಲ.

ಮುಂಬೈಯವರದು ಬೇರೆ ದಾರಿ. ಅವರು ಕೊಂಕಣ ರೈಲಿನಲ್ಲಿ ಬಂದು ಹೊನ್ನಾವರದಲ್ಲಿ ಇಳಿದು ಗೇರುಸೊಪ್ಪೆಯ ಘಟ್ಟ ಹತ್ತುತ್ತಾರೆ. ಸುಮಾರು ತೊಂಬತ್ತು ಕಿಲೋಮೀಟರು, ತಿರುವುಗಳದೇ ರಸ್ತೆ. ನಕ್ಷೆ ಹೇಳುವ ಹೊತ್ತಿಗಿಂತ ಅರ್ಧ ಗಂಟೆ ಹೆಚ್ಚು ಹಿಡಿಯಿರಿ, ಮಕ್ಕಳಿದ್ದರೆ ವಾಂತಿ ಮಾತ್ರೆ ಇಟ್ಟುಕೊಳ್ಳಲು ಹೇಳಿ. ವಿಮಾನದವರು ಶಿವಮೊಗ್ಗದ ಸೋಗಾನೆಯಲ್ಲಿ ಇಳಿದರೂ ಸಾಗರಕ್ಕೆ ಇನ್ನೂ ಎರಡು ಗಂಟೆಯ ಹತ್ತಿರ ಬೇಕು. ನಾಲ್ಕು ಜನಕ್ಕೆ ಒಂದು ಕಾರು ಕಳಿಸಿ ಮುಗಿಸಿ. ಕೊಲ್ಲೂರು ಕಡೆಯಿಂದ ಸಿಗಂದೂರಿನ ಮೇಲೆ ಕಾರಲ್ಲಿ ಬರುವವರಿಗೆ ಹಳೆಯ ಮದುವೆಯ ಸಂದೇಶವನ್ನೇ ತಿದ್ದಿ ಕಳಿಸಬೇಡಿ. ಅದರಲ್ಲಿ ಕೊನೆಯ ಲಾಂಚಿನ ಸಮಯ ಇರುತ್ತದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಆ ಕಥೆ ಮುಗಿಯಿತು.

ಕಾರಿನವರಿಗೆ ಕಳಿಸುವ ಲೊಕೇಶನ್ ಬಗ್ಗೆ ಒಂದು ಮಾತು. ಒಮ್ಮೆ ನಮ್ಮವನೊಬ್ಬ 'ಲೈವ್ ಲೊಕೇಶನ್' ಕಳಿಸಿದ್ದ. ಅದು ಛತ್ರದ ಜಾಗವಲ್ಲ, ಅವನು ಇರುವ ಜಾಗ. ಅವನು ಹೂವು ತರಲು ಹೋದಾಗ ಎರಡು ಕಾರು ಹೂವಿನ ಅಂಗಡಿಯ ಮುಂದೆ ಬಂದು ನಿಂತವು. ಲೈವ್ ಲೊಕೇಶನ್ನಿನ ಆಯುಷ್ಯವೂ ಹೆಚ್ಚೆಂದರೆ ಎಂಟು ಗಂಟೆ. ಯಾರಾದರೂ ಛತ್ರದ ಗೇಟಿನ ಮುಂದೆ ನಿಂತು, ನಕ್ಷೆಯಲ್ಲಿ ಗುರುತು ಹಾಕಿ ಆ ಕೊಂಡಿಯನ್ನು ತೆಗೆದಿಡಬೇಕು. ಅದರ ಕೆಳಗೆ ಬಾಯಿಮಾತಿನ ಗುರುತೂ ಇರಲಿ. ಮಲೆನಾಡಿನ ಒಳದಾರಿಗಳಲ್ಲಿ ನೆಟ್‌ವರ್ಕ್ ಹೋದಾಗ 'ಪೆಟ್ರೋಲ್ ಬಂಕ್ ಆದ ಮೇಲೆ ಎಡಕ್ಕೆ' ಅನ್ನುವುದೇ ಕೈ ಹಿಡಿಯುವುದು.

ಇಷ್ಟೆಲ್ಲ ಗೊತ್ತಿದ್ದರೂ ಎಲ್ಲವನ್ನೂ ಎಲ್ಲರಿಗೂ ಕಳಿಸಬಾರದು. ಎರಡನೇ ಸಂದೇಶವನ್ನು ನಾಲ್ಕು ಮಾಡಿ: ರೈಲಿನವರಿಗೆ, ಬಸ್ಸಿನವರಿಗೆ, ಕಾರಿನವರಿಗೆ, ವಿಮಾನದವರಿಗೆ. ಮದುವೆಗೆ ನಾಲ್ಕು ದಿನ ಮೊದಲು ರೈಲಿನವರಿಗೆ ಹೋಗುವುದು ಹೀಗಿರುತ್ತದೆ:

"ಏಪ್ರಿಲ್ 29ರ ಸಂದೇಶ, ರೈಲಿಗೆ ಬರುವವರಿಗೆ. ಹಿಂದಿನದನ್ನು ಅಳಿಸಿಬಿಡಿ.
ಇಳಿದ ಕೂಡಲೇ ಫೋನ್: ಅಣ್ಣನ ಮಗ (ಮೊಬೈಲ್ ಸಂಖ್ಯೆ). ಸಿಗದಿದ್ದರೆ ಡ್ರೈವರ್ (ಮೊಬೈಲ್ ಸಂಖ್ಯೆ).
ಶನಿವಾರ ಬೆಳಿಗ್ಗೆ: ಆನಂದಪುರಂ ಬಂದಾಗ ಎದ್ದು ಕೂತುಕೊಳ್ಳಿ. ಸಾಗರ ಸ್ಟೇಷನ್ನಿನ ಹೊರಗೆ ಬಿಳಿ ಟಿಟಿ, ಮುಂದಿನ ಗಾಜಿಗೆ ಅರಿಶಿನ ಬಣ್ಣದ ಕಾಗದ ಅಂಟಿಸಿದೆ. ಹಿರಿಯರು, ಮಕ್ಕಳು ಮೊದಲ ಟ್ರಿಪ್. ಎರಡನೆಯದಕ್ಕೆ ಅರ್ಧ ಗಂಟೆ.
ಲಾಡ್ಜ್: (ಹೆಸರು, ನಿಮ್ಮ ರೂಮಿನ ನಂಬರು). ಎಲ್ಲರೂ ಆಧಾರ್ ತನ್ನಿ. ಬಿಸಿನೀರು ಬೆಳಿಗ್ಗೆ 5ರಿಂದ 8.
ಶನಿವಾರ ತಿಂಡಿ, ಊಟ ಮನೆಯಲ್ಲಿ. ಲಾಡ್ಜಿನಿಂದ ಗಾಡಿ 8-30ಕ್ಕೆ. ಸಂಜೆ ವರಪೂಜೆಗೆ ಛತ್ರಕ್ಕೆ ಗಾಡಿ 5-30ಕ್ಕೆ.
ಭಾನುವಾರ ಛತ್ರಕ್ಕೆ ಗಾಡಿ 7-15, ಕೊನೆಯ ಗಾಡಿ 8-15. ಬ್ಯಾಗು ಕಟ್ಟಿಕೊಂಡೇ ಹೊರಡಿ. ತಿಂಡಿ ಛತ್ರದಲ್ಲಿ, 9ರವರೆಗೆ."

ಇದರಲ್ಲಿ ಮುಹೂರ್ತದ ಸಮಯ ಇಲ್ಲ. ಬೇಕೆಂದೇ ಬಿಟ್ಟದ್ದು. ಪತ್ರಿಕೆಯಲ್ಲಿ ಅದು ಇದ್ದೇ ಇದೆ. ಇಲ್ಲಿಯೂ '10-15' ಎಂದು ಹಾಕಿದರೆ ನಮ್ಮ ಜನ ಹತ್ತಕ್ಕೆ ಲಾಡ್ಜು ಬಿಡುತ್ತಾರೆ, ತಿಂಡಿಯೂ ಇಲ್ಲ, ಕಾಶೀಯಾತ್ರೆಯೂ ಇಲ್ಲ. ಜನರನ್ನು ಹೊರಡಿಸುವುದು 'ಕೊನೆಯ ಗಾಡಿ' ಅನ್ನುವ ಎರಡು ಪದ. ಆದರೆ 8-15ಕ್ಕೆ ಅಂದದ್ದು ಗಾಡಿ 8-15ಕ್ಕೇ ಬಿಡಬೇಕು. ಒಂದು ದಿನ ಹತ್ತು ನಿಮಿಷ ಕಾದರೆ ಮಾರನೆಯ ದಿನ ಅರ್ಧ ಗಂಟೆ ಕಾಯಿಸುತ್ತಾರೆ.

ಮೇಲೆ ತಾರೀಕು ಹಾಕಿದ್ದಕ್ಕೂ ಕಾರಣವಿದೆ. ಕಳಿಸಿದ ಸಂದೇಶವನ್ನು ವಾಟ್ಸಾಪಿನಲ್ಲಿ ತಿದ್ದಲು ಹದಿನೈದು ನಿಮಿಷ ಮಾತ್ರ ಅವಕಾಶ. ಅಷ್ಟರಲ್ಲಿ ಅದು ಅತ್ತೆಯಿಂದ ಅತ್ತೆಯ ಮಗಳಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಗಿರುತ್ತದೆ. ಲಾಡ್ಜು ಬದಲಾಯಿತು ಅಂತ ನೀವು ಹೊಸದು ಕಳಿಸಿದರೂ ಹಳೆಯದು ಬಳಗದಲ್ಲಿ ಸುತ್ತುತ್ತಲೇ ಇರುತ್ತದೆ. ಯಾವುದು ಹೊಸದು ಎಂದು ತಿಳಿಯಲು ತಾರೀಕು ಬಿಟ್ಟರೆ ಬೇರೆ ಗುರುತಿಲ್ಲ. ಗುಂಪಿನಲ್ಲಿ ಹಾಕಿದರೆ ಅದನ್ನು ಮೇಲೆ ಪಿನ್ ಮಾಡಿಡಿ, ಏಳು ದಿನ ಅಲ್ಲೇ ಇರುತ್ತದೆ. ಮೊಬೈಲು ನೋಡದ ಹಿರಿಯರಿಗೆ ಅದನ್ನೇ ಓದಿ ಹೇಳುವ ಒಬ್ಬ ಹುಡುಗನನ್ನು ಗೊತ್ತು ಮಾಡಿ.

ಫೋನ್ ನಂಬರಿನಲ್ಲಿ ಮಾತ್ರ ನಾನು ಹಟಮಾರಿ. ಹುಡುಗಿಯ ಅಪ್ಪ, ಅಮ್ಮ, ಅಣ್ಣನ ನಂಬರು ಸಂದೇಶದಲ್ಲಿ ಇರಕೂಡದು. ಅವರು ಮಣೆಯ ಮೇಲೆ ಕೂತಿರುತ್ತಾರೆ. ಹಾಕಬೇಕಾದದ್ದು ಆ ಎರಡು ದಿನ ಬೇರೆ ಯಾವ ಕೆಲಸವೂ ಇಲ್ಲದ, ಊರು ಗೊತ್ತಿರುವ, ಸಿಟ್ಟು ಬಾರದ ಒಬ್ಬನ ನಂಬರು. ಅಂಥವನು ಪ್ರತಿ ಬಳಗದಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಜೊತೆಗೊಂದು ಪವರ್ ಬ್ಯಾಂಕ್ ಕೊಡಿ.

ವಾಪಸಿನ ಗಾಡಿಗೆ ಕೊನೆಯದೊಂದು ಲೆಕ್ಕ. ಭಾನುವಾರ ರಾಹುಕಾಲ ಸಂಜೆ 4-30ರಿಂದ 6. ಆ ಹೊತ್ತಿಗೆ ಗಾಡಿ ಇಟ್ಟರೆ ಹಿರಿಯರು ಹತ್ತುವುದಿಲ್ಲ, ಗಾಡಿ ಸುಮ್ಮನೆ ನಿಂತು ಕಾಯುವ ಬಾಡಿಗೆ ಏರುತ್ತದೆ. ಕಾರಿನವರನ್ನು ನಾಲ್ಕೂಕಾಲರೊಳಗೆ ಕಳಿಸಿಕೊಡಿ. ರೈಲಿನವರಿಗೆ ರಾತ್ರಿಯ ಗಾಡಿ, ಆರು ಕಳೆದ ಮೇಲೆ ಸ್ಟೇಷನ್ನಿಗೆ ಬಿಟ್ಟರೂ ಬೇಕಾದಷ್ಟು ಹೊತ್ತಿರುತ್ತದೆ. ಬುತ್ತಿಗೆ ಚಿತ್ರಾನ್ನ, ಮೊಸರನ್ನ ಕಟ್ಟಿಸಿದರೆ ರೈಲಿನಲ್ಲಿ ಊಟದ ಚಿಂತೆಯೂ ಇಲ್ಲ.

ಕಳಿಸುವ ಮೊದಲು ಸಂದೇಶವನ್ನು ಮದುವೆ ಕೆಲಸದಲ್ಲಿ ಸೇರದ ಯಾರಿಗಾದರೂ, ಪಕ್ಕದ ಮನೆಯವರಾದರೂ ಸರಿ, ಓದಲು ಕೊಡಿ. ಮೊಬೈಲು ವಾಪಸ್ ತೆಗೆದುಕೊಂಡು, "ಶನಿವಾರ ಬೆಳಿಗ್ಗೆ ರೈಲು ಇಳಿದಿದ್ದೀರಿ, ಮುಂದೇನು ಮಾಡುತ್ತೀರಿ?" ಎಂದು ಕೇಳಿ. ಅವರು ತಡವರಿಸಿದರೆ ಇನ್ನೊಮ್ಮೆ ಬರೆಯಿರಿ.